ಕಂಪನಿ ಮುಚ್ಚಿತು, ಫಾರ್ಮ್ 16 ಬರಲಿಲ್ಲ: ರಿಟರ್ನ್ ಸಲ್ಲಿಸುವುದು ಹೇಗೆ?

ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿದರೆ ಸಂಬಳ ನಿಲ್ಲುವುದು ಮೊದಲ ಪೆಟ್ಟು. ಎರಡನೆಯದು ಜೂನ್ ತಿಂಗಳಲ್ಲಿ ಬೀಳುತ್ತದೆ. ಹಿಂದಿನ ವರ್ಷದ ಸಂಬಳಕ್ಕೆ ಫಾರ್ಮ್ 16 ಕೊಡಬೇಕಾದದ್ದು ಜೂನ್ 15ರೊಳಗೆ. ಮುಚ್ಚಿದ ಕಂಪನಿಯಲ್ಲಿ ಅದನ್ನು ಕೊಡುವವರೇ ಇರುವುದಿಲ್ಲ. ಎಚ್‌ಆರ್‌ಗೆ ಬರೆದ ಮೇಲ್ ವಾಪಸ್ ಬರುತ್ತದೆ, ಅಕೌಂಟ್ಸ್ ನೋಡುತ್ತಿದ್ದವರು ಬೇರೆಲ್ಲೋ ಕೆಲಸಕ್ಕೆ ಸೇರಿರುತ್ತಾರೆ, ಮಾಲೀಕರ ಫೋನು ಸ್ವಿಚ್ ಆಫ್. ಫಾರ್ಮ್ 16 ಇಲ್ಲದೆ ರಿಟರ್ನ್ ಸಲ್ಲಿಸಲು ಆಗುವುದಿಲ್ಲ ಎಂದುಕೊಂಡು ಜುಲೈ 31ರ ಗಡುವು ದಾಟಿಸಿಬಿಡುವವರು ಬಹಳ. ಹೊಸ ಕಂಪನಿ ಕೊಟ್ಟ ಫಾರ್ಮ್ 16 ಒಂದನ್ನೇ ಹಿಡಿದು ರಿಟರ್ನ್ ಸಲ್ಲಿಸಿ ಆಮೇಲೆ ನೋಟಿಸ್ ಪಡೆಯುವವರೂ ಇದ್ದಾರೆ.

ಎರಡೂ ಬೇಕಿಲ್ಲ. ರಿಟರ್ನ್ ಜೊತೆ ಫಾರ್ಮ್ 16 ಲಗತ್ತಿಸುವ ಪದ್ಧತಿಯೇ ಈಗ ಇಲ್ಲ. ಅದರಲ್ಲಿರುವುದು ಎರಡೇ ಸಂಗತಿ. ಮೊದಲ ಭಾಗ ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಎಷ್ಟು ತೆರಿಗೆ ಜಮಾ ಆಯಿತು ಎಂದು ಹೇಳುತ್ತದೆ, ಎರಡನೆಯದು ಸಂಬಳ ಎಷ್ಟು, ಯಾವ ಬಾಬ್ತಿನದು ಎಂದು ಹೇಳುತ್ತದೆ. ಮೊದಲನೆಯದು ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್ ಪಟ್ಟಿಯಲ್ಲಿ ಸಿಗುತ್ತದೆ, ಎರಡನೆಯದು ನಿಮ್ಮ ಪೇ ಸ್ಲಿಪ್‌ಗಳಲ್ಲಿ. ಆದಾಯವನ್ನು ಪೇ ಸ್ಲಿಪ್‌ನಿಂದ ತೆಗೆದುಕೊಳ್ಳಿ, ಕಟ್ಟಿದ ತೆರಿಗೆಯನ್ನು 26ಎಎಸ್‌ನಲ್ಲಿ ನೋಡಿ. ಎರಡೂ ತಾಳೆಯಾದರೆ ಕೆಲಸ ಸುಲಭ. ಕಂಪನಿ ಮುಚ್ಚಿದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ, ಕೊನೆಯ ಒಂದೆರಡು ತಿಂಗಳ ಲೆಕ್ಕ ತಪ್ಪಿರುತ್ತದೆ. ಆ ವ್ಯತ್ಯಾಸವನ್ನು ಏನು ಮಾಡಬೇಕು ಎನ್ನುವುದೇ ನಿಜವಾದ ಪ್ರಶ್ನೆ.

ಒಂದು ಉದಾಹರಣೆಯ ಲೆಕ್ಕ ಹಿಡಿದೇ ಹೋಗೋಣ. ಹಾಸನದ ಕಡೆಯ ಒಬ್ಬ ಹುಡುಗಿ ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು ಎಂದಿಟ್ಟುಕೊಳ್ಳಿ. ತಿಂಗಳಿಗೆ 1,35,000 ರೂಪಾಯಿ ಸಂಬಳ. 2025ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳ ಸಂಬಳ ಬಂತು, ಆಮೇಲೆ ಕಂಪನಿ ಮುಚ್ಚಿತು. ನವೆಂಬರ್ ಪೂರ್ತಿ ಕೆಲಸವಿಲ್ಲ. ಡಿಸೆಂಬರ್‌ನಲ್ಲಿ 1,20,000 ರೂಪಾಯಿಗೆ ಬೇರೆ ಕಡೆ ಸೇರಿ, 2026ರ ಮಾರ್ಚ್ ತನಕ ನಾಲ್ಕು ತಿಂಗಳ ಸಂಬಳ ಪಡೆದಳು. ಹೊಸ ಕಂಪನಿ ಫಾರ್ಮ್ 16 ಕೊಟ್ಟಿದೆ, ಹಳೆಯದು ಕೊಟ್ಟಿಲ್ಲ.

ಅವಳು ಮೊದಲು ಮಾಡಬೇಕಾದದ್ದು 26ಎಎಸ್ ತೆಗೆಯುವುದು. incometax.gov.in ಗೆ ಲಾಗಿನ್ ಆಗಿ e-File → Income Tax Returns → View Form 26AS ಒತ್ತಿದರೆ ಟ್ರೇಸಸ್ ಎಂಬ ಇನ್ನೊಂದು ತಾಣ ತೆರೆದುಕೊಳ್ಳುತ್ತದೆ. ಅಲ್ಲಿ ಅಸೆಸ್‌ಮೆಂಟ್ ಇಯರ್ 2026-27 ಆರಿಸಬೇಕು. ಸಂಬಳ ಬಂದದ್ದು 2025-26ರಲ್ಲಾದರೂ ಆ ವರ್ಷದ ಲೆಕ್ಕ ಕೊಡುವ ವರ್ಷ ಅದರ ಮುಂದಿನದು. ಇಲ್ಲಿ ಒಂದು ವರ್ಷ ಹಿಂದುಮುಂದಾಗಿ ಖಾಲಿ ಪಟ್ಟಿ ನೋಡಿ ಗಾಬರಿಯಾಗುವುದು ಸಾಮಾನ್ಯ. ಪಟ್ಟಿಯಲ್ಲಿ ಹಳೆಯ ಕಂಪನಿಯ ಹೆಸರು, ಅದರ ಹತ್ತು ಅಕ್ಷರ-ಅಂಕಿಗಳ ಟ್ಯಾನ್ ಸಂಖ್ಯೆ, ಸಂಬಳದ ತಾರೀಖು, ಸಂಬಳದ ಮೊತ್ತ, ಕಡಿತವಾದ ಮತ್ತು ಜಮಾ ಆದ ತೆರಿಗೆ ಸಾಲುಸಾಲಾಗಿ ಇರುತ್ತವೆ. ಬೆಂಗಳೂರಿನ ಕಂಪನಿಗಳ ಟ್ಯಾನ್ ಸಾಮಾನ್ಯವಾಗಿ BLR ಎಂದು ಶುರುವಾಗುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ರಿಟರ್ನ್‌ನಲ್ಲಿ ಅದು ಬೇಕೇ ಬೇಕು. ಪ್ರತಿ ಸಾಲಿನ ಸ್ಥಿತಿ ತೋರಿಸುವ ಕಾಲಂನಲ್ಲಿ F ಎಂದಿದ್ದರೆ ಹಣ ಸರ್ಕಾರಕ್ಕೆ ಸೇರಿ ತಾಳೆಯಾಗಿದೆ ಎಂದರ್ಥ. U ಎಂದಿದ್ದರೆ ಕಂಪನಿ ವಿವರ ಕೊಟ್ಟಿದೆ, ಆದರೆ ಅದಕ್ಕೆ ಹೊಂದುವ ಚಲನ್ ಸಿಕ್ಕಿಲ್ಲ.

ನಮ್ಮ ಉದಾಹರಣೆಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ಸಾಲು ಮಾತ್ರ ಇವೆ. ಸಂಬಳ ಒಟ್ಟು 8,10,000, ತೆರಿಗೆ 58,110. ಅಕ್ಟೋಬರ್ ಸಾಲೇ ಇಲ್ಲ. ಅದಕ್ಕೆ ಕಾರಣವಿದೆ. ಕಂಪನಿಗಳು ಟಿಡಿಎಸ್ ವಿವರವನ್ನು ಮೂರು ತಿಂಗಳಿಗೊಮ್ಮೆ 24ಕ್ಯೂ ಎಂಬ ಫಾರ್ಮ್‌ನಲ್ಲಿ ಸಲ್ಲಿಸುತ್ತವೆ, ನಿಮ್ಮ ಹೆಸರು 26ಎಎಸ್‌ಗೆ ಬರುವುದು ಅದರಿಂದಲೇ. ಜುಲೈ-ಸೆಪ್ಟೆಂಬರ್ ವಿವರ ಸಲ್ಲಿಸಲು ಅಕ್ಟೋಬರ್ 31 ಕೊನೆ, ಅಕ್ಟೋಬರ್-ಡಿಸೆಂಬರ್ ವಿವರಕ್ಕೆ ಜನವರಿ 31. ಕಂಪನಿ ಬಾಗಿಲು ಹಾಕುವ ಹೊತ್ತಿಗೆ ಸೆಪ್ಟೆಂಬರ್‌ವರೆಗಿನದು ಹೋಗಿತ್ತು, ಮುಂದಿನದು ಹೋಗಲೇ ಇಲ್ಲ. ಅಕ್ಟೋಬರ್‌ನಲ್ಲಿ ಹಿಡಿದ ಹಣವನ್ನು ಕಂಪನಿ ಬ್ಯಾಂಕಿಗೆ ಕಟ್ಟಿ ವಿವರ ಕೊಡಲಿಲ್ಲವೋ, ಹಣವನ್ನೇ ಕಟ್ಟಲಿಲ್ಲವೋ, ಅದು ಹೊರಗಿನಿಂದ ಗೊತ್ತಾಗುವುದಿಲ್ಲ. ಎರಡೂ ಸಂದರ್ಭದಲ್ಲಿ ನಿಮಗೆ ಕಾಣುವುದು ಇಲ್ಲದ ಸಾಲು ಒಂದೇ.

ಸಂಬಳದ ಬಾಬ್ತುವಾರು ವಿವರ ಕೂಡ ಇದೇ ಕಾರಣಕ್ಕೆ ಸಿಗುವುದಿಲ್ಲ. ಅದನ್ನು ಕಂಪನಿ ಕೊಡುವುದು ಜನವರಿ-ಮಾರ್ಚ್ ತ್ರೈಮಾಸಿಕದ 24ಕ್ಯೂನಲ್ಲಿ, ಅಂದರೆ ಮೇ 31ರೊಳಗೆ. ಮಧ್ಯದಲ್ಲೇ ಬಿಟ್ಟುಹೋದವರ ವಿವರವೂ ಅದರಲ್ಲೇ ಬರಬೇಕು. ಅಕ್ಟೋಬರ್‌ನಲ್ಲಿ ಮುಚ್ಚಿದ ಕಂಪನಿ ಅದನ್ನು ಸಲ್ಲಿಸಿರುವ ಸಂಭವ ಕಡಿಮೆ. ಹಾಗಾಗಿ ಪೋರ್ಟಲ್ ನಿಮಗಾಗಿ ಮೊದಲೇ ತುಂಬಿಟ್ಟ ಸಂಬಳದ ಅಂಕಿಯನ್ನು ಇಂಥ ವರ್ಷದಲ್ಲಿ ನಂಬಬೇಡಿ. ಅಲ್ಲಿ ಹಳೆಯ ಕಂಪನಿಯ ಸಂಬಳ ಅರ್ಧ ಇರಬಹುದು, ಪೂರಾ ಬಿಟ್ಟೂ ಹೋಗಿರಬಹುದು. ಪೋರ್ಟಲ್‌ನಲ್ಲೇ ಸಿಗುವ ಎಐಎಸ್ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಬ್ಯಾಂಕ್ ಬಡ್ಡಿ ಮುಂತಾದ ಬೇರೆ ಆದಾಯವೂ ಅದರಲ್ಲಿ ಕಾಣುತ್ತದೆ.

ಈಗ ಪೇ ಸ್ಲಿಪ್. ಹೆಚ್ಚು ತಪ್ಪಾಗುವುದು ಇಲ್ಲೇ, ಅದೂ ಯಾವ ಅಂಕಿ ತೆಗೆದುಕೊಳ್ಳಬೇಕು ಎನ್ನುವುದರಲ್ಲಿ. ನಮ್ಮ ಹುಡುಗಿಯ ಅಕ್ಟೋಬರ್ ಪೇ ಸ್ಲಿಪ್‌ನಲ್ಲಿ ಮೂಲ ವೇತನ, ಮನೆ ಬಾಡಿಗೆ ಭತ್ಯೆ, ವಿಶೇಷ ಭತ್ಯೆ ಎಲ್ಲ ಸೇರಿ 1,35,000. ಅದರಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200, ಟಿಡಿಎಸ್ 9,685 ಕಳೆದು ಕೈಗೆ ಬಂದದ್ದು 1,23,315. ಬ್ಯಾಂಕಿಗೆ ಜಮಾ ಆದ 1,23,315ನ್ನೇ ಸಂಬಳ ಎಂದು ತೋರಿಸುವುದು ತಪ್ಪು. ಪಿಎಫ್‌ಗೆ ಹೋದದ್ದೂ ತೆರಿಗೆಗೆ ಹೋದದ್ದೂ ನಿಮ್ಮ ಸಂಬಳವೇ. ಹಾಗೆಯೇ ಆಫರ್ ಲೆಟರ್‌ನಲ್ಲಿದ್ದ ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿ ಏಳರಿಂದ ಗುಣಿಸುವುದೂ ತಪ್ಪು. ಸಿಟಿಸಿಯಲ್ಲಿ ಕಂಪನಿ ತನ್ನ ಪಾಲಿಗೆ ಕಟ್ಟಿದ ಪಿಎಫ್, ಗ್ರಾಚ್ಯುಟಿಗೆಂದು ತೆಗೆದಿಟ್ಟ ಹಣ ಎಲ್ಲ ಸೇರಿರುತ್ತದೆ, ಅದು ನಿಮ್ಮ ತೆರಿಗೆಯ ಸಂಬಳವಲ್ಲ. ಬೇಕಾದದ್ದು ಕಡಿತಕ್ಕೆ ಮೊದಲಿನ ಒಟ್ಟು ಮೊತ್ತ, ಅಂದರೆ 1,35,000. ಏಳು ತಿಂಗಳಿಗೆ 9,45,000. ಟಿಡಿಎಸ್ ಏಳು ತಿಂಗಳಿಗೆ 67,795.

ಪೇ ಸ್ಲಿಪ್ ಒಂದೆರಡು ಕಳೆದುಹೋಗಿದ್ದರೆ ಹಿಂದಿನ ತಿಂಗಳದ್ದನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಜೊತೆಗಿಟ್ಟು ನೋಡಿ. ಸಂಬಳ ಅಷ್ಟೇ ಇದ್ದು ಜಮಾ ಆದ ಹಣವೂ ಅಷ್ಟೇ ಇದ್ದರೆ ಕಡಿತವೂ ಅಷ್ಟೇ ಎಂದು ತಿಳಿಯಬಹುದು. 26ಎಎಸ್‌ನಲ್ಲಿ ಆ ತಿಂಗಳ ಸಾಲು ಇದ್ದರೆ ಇನ್ನೂ ಗಟ್ಟಿಯಾಯಿತು. ಪಿಎಫ್ ಪಾಸ್‌ಬುಕ್‌ನಲ್ಲೂ ತಿಂಗಳುವಾರು ವೇತನ ಇರುತ್ತದೆ. ಆದರೆ ಅನೇಕ ಕಂಪನಿಗಳು ಪಿಎಫ್‌ಗೆ 15,000 ರೂಪಾಯಿಯ ಮಿತಿಯನ್ನಷ್ಟೇ ಲೆಕ್ಕ ಹಿಡಿಯುತ್ತವೆ. ಆದ್ದರಿಂದ ಆ ತಿಂಗಳು ನೀವು ಕೆಲಸದಲ್ಲಿದ್ದಿರಿ ಎನ್ನುವುದಕ್ಕೆ ಅದು ಸಾಕ್ಷಿಯಾಗುತ್ತದೆಯೇ ಹೊರತು ಸಂಬಳದ ಮೊತ್ತಕ್ಕಲ್ಲ.

ಇನ್ನು ಎರಡೂ ಕಂಪನಿಗಳ ಲೆಕ್ಕ ಸೇರಿಸಬೇಕು. ಹಳೆಯದು 9,45,000, ಹೊಸದು 4,80,000, ಒಟ್ಟು 14,25,000. ಹೊಸ ತೆರಿಗೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 13,50,000 ಉಳಿಯುತ್ತದೆ. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ ನಾಲ್ಕು ಲಕ್ಷಕ್ಕೆ ಶೇ. 5ರಂತೆ 20,000, ಅದರ ಮುಂದಿನ ನಾಲ್ಕು ಲಕ್ಷಕ್ಕೆ ಶೇ. 10ರಂತೆ 40,000, ಉಳಿದ ಒಂದೂವರೆ ಲಕ್ಷಕ್ಕೆ ಶೇ. 15ರಂತೆ 22,500. ಒಟ್ಟು 82,500. ಶೇ. 4ರ ಸೆಸ್ ಸೇರಿ 85,800.

ಹೊಸ ಕಂಪನಿಯ ಫಾರ್ಮ್ 16 ನೋಡಿದರೆ ಅಲ್ಲಿ ತೆರಿಗೆ ಕಡಿತ ಸೊನ್ನೆ. ತಪ್ಪು ಅವರದಲ್ಲ. ಹಳೆಯ ಸಂಬಳದ ವಿಷಯ ಅವರಿಗೆ ಯಾರೂ ಹೇಳಲಿಲ್ಲ. 4,80,000ದಲ್ಲಿ 75,000 ಕಳೆದು ಉಳಿದದ್ದಕ್ಕೆ ತೆರಿಗೆ ರಿಯಾಯಿತಿ ಅನ್ವಯವಾಗಿ ಏನೂ ಹಿಡಿಯಲಿಲ್ಲ. ಹಳೆಯ ಕಂಪನಿಯೂ ಪ್ರತಿ ತಿಂಗಳು ತನ್ನ ಲೆಕ್ಕದಲ್ಲಿ ಅದೇ 75,000ದ ಕಡಿತವನ್ನೂ ಅದೇ ನಾಲ್ಕು ಲಕ್ಷದ ವಿನಾಯಿತಿಯನ್ನೂ ಕೊಟ್ಟಿತ್ತು. ವರ್ಷಕ್ಕೆ ಒಮ್ಮೆ ಮಾತ್ರ ಸಿಗಬೇಕಾದದ್ದು ಎರಡು ಕಡೆ ಸಿಕ್ಕಿದೆ. ವರ್ಷದ ಮಧ್ಯೆ ಕೆಲಸ ಬದಲಿಸಿದವರಿಗೆ ಕೊನೆಯಲ್ಲಿ ತೆರಿಗೆ ಬಾಕಿ ಬರುವುದಕ್ಕೆ ಇದೇ ಕಾರಣ. ಹೊಸ ಕೆಲಸಕ್ಕೆ ಸೇರುವಾಗಲೇ 12ಬಿ ಎಂಬ ಫಾರ್ಮ್‌ನಲ್ಲಿ ಹಳೆಯ ಸಂಬಳ, ಕಡಿತ ತಿಳಿಸಿದ್ದರೆ ಉಳಿದ ತಿಂಗಳುಗಳಲ್ಲಿ ಸರಿಹೋಗುತ್ತಿತ್ತು.

ಇಲ್ಲಿ ಒಂದು ಪ್ರಲೋಭನೆಯೂ ಇದೆ. ಹಳೆಯ ಕಂಪನಿಯ ಸಂಬಳ ತೋರಿಸದೆ, 26ಎಎಸ್‌ನಲ್ಲಿರುವ ತೆರಿಗೆಯನ್ನು ಮಾತ್ರ ತನ್ನದೆಂದು ಹೇಳಿದರೆ 58,110 ರೂಪಾಯಿ ರೀಫಂಡ್ ಎಂದು ಪೋರ್ಟಲ್ ತೋರಿಸಬಹುದು. ಹಾಗೆ ಮಾಡಿಸಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಆ ತೆರಿಗೆ ಯಾವ ಸಂಬಳದ್ದು ಎಂದು ಅದೇ ಪಟ್ಟಿಯಲ್ಲಿ 8,10,000 ಎಂದು ಬರೆದಿರುತ್ತದೆ. ಆದಾಯ ಮುಚ್ಚಿಟ್ಟದ್ದಕ್ಕೆ ಆ ಭಾಗದ ತೆರಿಗೆಯ ಶೇ. 50ರಷ್ಟು, ಸುಳ್ಳು ವಿವರ ಕೊಟ್ಟದ್ದೆಂದು ತೀರ್ಮಾನವಾದರೆ ಶೇ. 200ರಷ್ಟು ದಂಡ ಬೀಳುತ್ತದೆ. ಆ ದಾರಿ ಬೇಡ.

ಹಾಗಾದರೆ ನಮ್ಮ ಹುಡುಗಿ ಎಷ್ಟು ಕಟ್ಟಬೇಕು? ಪೇ ಸ್ಲಿಪ್ ಪ್ರಕಾರ ಹಿಡಿದದ್ದು 67,795, ಹಾಗೆ ನೋಡಿದರೆ ಬಾಕಿ 18,005. 26ಎಎಸ್ ಪ್ರಕಾರ ಜಮಾ ಆದದ್ದು 58,110, ಹಾಗೆ ನೋಡಿದರೆ ಬಾಕಿ 27,690. ನಡುವಿನ ಅಂತರ ಅಕ್ಟೋಬರ್‌ನ 9,685. ಅವಳ ಸಂಬಳದಿಂದ ಹಿಡಿದ, ಸರ್ಕಾರದ ಪಟ್ಟಿಯಲ್ಲಿ ಕಾಣದ ಹಣ ಅದು.

ಕಾನೂನು ಅವಳ ಪರವಾಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಪ್ರಕಾರ ಮೂಲದಲ್ಲೇ ತೆರಿಗೆ ಹಿಡಿದಿದ್ದರೆ ಅಷ್ಟರ ಮಟ್ಟಿಗೆ ಅದನ್ನು ಮತ್ತೆ ನೌಕರನಿಂದ ಕೇಳುವಂತಿಲ್ಲ. ಹಿಡಿದವರು ಸರ್ಕಾರಕ್ಕೆ ಕಟ್ಟದಿದ್ದರೆ ಅವರಿಂದ ವಸೂಲು ಮಾಡಬೇಕು. ಕೇಂದ್ರ ನೇರ ತೆರಿಗೆ ಮಂಡಳಿ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಇದನ್ನೇ ತಿಳಿಸಿತು, 2016ರ ಮಾರ್ಚ್‌ನಲ್ಲಿ ಮತ್ತೊಮ್ಮೆ ನೆನಪಿಸಿತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಸಿಬ್ಬಂದಿಯ ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಕಟ್ಟಿರಲಿಲ್ಲ. ಇಲಾಖೆ ಪೈಲಟ್‌ಗಳಿಂದಲೇ ಆ ತೆರಿಗೆ ಕೇಳಿತು. ಅವರು ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟ್ 2023ರಲ್ಲಿ ಅವರ ಪರ ತೀರ್ಪಿತ್ತು, ನೇರವಾಗಿ ಕೇಳುವಂತಿಲ್ಲ ಎನ್ನುವುದಷ್ಟೇ ಅಲ್ಲ, ಮುಂದಿನ ವರ್ಷಗಳ ರೀಫಂಡ್‌ನಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ ಎಂದಿತು.

ಕಾನೂನು ಹೀಗಿದ್ದರೂ ರಿಟರ್ನ್ ಪರಿಶೀಲಿಸುವುದು ಮೊದಲಿಗೆ ಕಂಪ್ಯೂಟರ್. ದೇಶದ ರಿಟರ್ನ್‌ಗಳೆಲ್ಲ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಸಿಪಿಸಿಯಲ್ಲಿ ಸಂಸ್ಕರಣೆಯಾಗುತ್ತವೆ. ಅಲ್ಲಿ ತೆರಿಗೆಯ ಲೆಕ್ಕ ಹಿಡಿಯುವುದು ಕಂಪನಿ ಕೊಟ್ಟ ವಿವರದ ಮೇಲೆ. 26ಎಎಸ್‌ನಲ್ಲಿ ಇಲ್ಲದ 9,685 ಅದಕ್ಕೆ ಕಾಣುವುದಿಲ್ಲ. ಅದನ್ನು ಕೇಳಿಕೊಂಡರೆ ಕೆಲವು ತಿಂಗಳಲ್ಲಿ 143(1)ರ ಇಂಟಿಮೇಶನ್ ಬಂದು, ಅಷ್ಟು ಹಣ ಬಡ್ಡಿಸಮೇತ ಬಾಕಿ ಎಂದು ಹೇಳುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಆ ಮೇಲ್ ಬಂದಾಗ ಎದೆ ಒಡೆದುಕೊಳ್ಳಬೇಕಾಗಿಲ್ಲ.

ಹಾಗಾಗಿ ಆಯ್ಕೆ ಎರಡು. 26ಎಎಸ್‌ನಲ್ಲಿ ಇದ್ದಷ್ಟನ್ನೇ ತೋರಿಸಿ 9,685ನ್ನು ಕೈಯಿಂದ ಕಟ್ಟಿ ಮುಗಿಸಬಹುದು. ಇಲ್ಲವೇ ಪೂರಾ 67,795 ತೋರಿಸಿ, ಬರುವ ಬೇಡಿಕೆಗೆ ಉತ್ತರ ಕೊಡಬಹುದು. ನನ್ನ ಅಭಿಪ್ರಾಯ ಸಾಕ್ಷ್ಯವನ್ನು ನೋಡಿ ನಿರ್ಧರಿಸಬೇಕು ಎನ್ನುವುದು. ಪೇ ಸ್ಲಿಪ್‌ನಲ್ಲಿ ಕೈಗೆ ಬರುವ ಹಣ 1,23,315 ಎಂದಿದೆ, ಬ್ಯಾಂಕಿಗೂ ಪೈಸೆ ಬಿಡದೆ 1,23,315 ಬಂದಿದೆ. ಅಂದರೆ 9,685 ನಿಜಕ್ಕೂ ಹಿಡಿಯಲ್ಪಟ್ಟಿದೆ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಫಾರ್ಮ್ 16 ಇಲ್ಲದವರಿಗೆ ಸಿಗುವುದಿಲ್ಲ. ಇಂಥ ಜೋಡಿ ಇದ್ದವರು ಹಕ್ಕು ಬಿಡಬಾರದು, ಪೂರ್ತಿ ಕೇಳಬೇಕು. ಮುಂದೆ ಲಿಕ್ವಿಡೇಟರೋ ಹಳೆಯ ನಿರ್ದೇಶಕರೋ ತಡವಾಗಿ 24ಕ್ಯೂ ಸಲ್ಲಿಸಿ 26ಎಎಸ್‌ನಲ್ಲಿ ಅಕ್ಟೋಬರ್ ಸಾಲು ಬಂದರೂ, ರಿಟರ್ನ್‌ನಲ್ಲಿ ಆ ತೆರಿಗೆಯನ್ನು ಮೊದಲೇ ತೋರಿಸಿದ್ದವರಿಗೆ Services → Rectification ಮೂಲಕ ಸರಿಪಡಿಸಿಕೊಳ್ಳುವುದು ಸುಲಭ. ಪೇ ಸ್ಲಿಪ್ ಇಲ್ಲದೆ ಅಂದಾಜಿನ ಮೇಲೆ ಮಾತ್ರ ಹೇಳುವ ಸ್ಥಿತಿ ಇದ್ದರೆ 26ಎಎಸ್‌ನಷ್ಟಕ್ಕೇ ನಿಲ್ಲುವುದು ಜಾಣತನ.

ಬೇಡಿಕೆ ಬಂದಾಗ ಪೋರ್ಟಲ್‌ನಲ್ಲಿ Pending Actions → Response to Outstanding Demand ಗೆ ಹೋಗಿ, ಬೇಡಿಕೆ ಒಪ್ಪುವುದಿಲ್ಲ ಎಂದು ಕಾರಣ ಸಹಿತ ಉತ್ತರಿಸಬೇಕು. ಜೊತೆಗೆ ನಿಮ್ಮ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ ಒಂದು ಪತ್ರ ಬರೆಯಿರಿ. ಆ ತಿಂಗಳ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಫಾರ್ಮ್ 16 ಕೇಳಿ ಕಂಪನಿಗೆ ಕಳಿಸಿದ ಮೇಲ್‌ನ ಪ್ರತಿ ಲಗತ್ತಿಸಿ. 205ನೇ ಸೆಕ್ಷನ್ನನ್ನೂ 2015ರ ಸೂಚನೆಯನ್ನೂ ಹೆಸರಿಸಿ. ಸಮಯ ಹಿಡಿಯುತ್ತದೆ. ಕೆಲವೊಮ್ಮೆ ಕಚೇರಿಗೆ ಓಡಾಡಬೇಕಾಗುತ್ತದೆ, ಮಧ್ಯೆ ಬೇರೆ ವರ್ಷದ ರೀಫಂಡ್‌ನಲ್ಲಿ ಮುರಿದುಕೊಳ್ಳುತ್ತೇವೆ ಎಂಬ ನೋಟಿಸ್ ಬಂದರೆ ಅದಕ್ಕೂ ಗಡುವಿನೊಳಗೆ ಉತ್ತರ ಕೊಡಬೇಕಾಗುತ್ತದೆ.

205ನೇ ಸೆಕ್ಷನ್‌ಗೆ ಒಂದು ಗಡಿ ಇದೆ. ತೆರಿಗೆ ನಿಜಕ್ಕೂ ಹಿಡಿದಿರಬೇಕು. ಕೊನೆಯ ತಿಂಗಳ ಪೇ ಸ್ಲಿಪ್ ಮೇಲ್‌ನಲ್ಲಿ ಬಂದು, ಸಂಬಳ ಮಾತ್ರ ಬ್ಯಾಂಕಿಗೆ ಬರದೆ ಹೋದ ಪ್ರಕರಣಗಳಿವೆ. ಸಂಬಳದ ಮೇಲಿನ ಟಿಡಿಎಸ್ ಹಿಡಿಯುವುದು ಹಣ ಕೊಡುವಾಗ. ಕೊಡದ ಹಣದಲ್ಲಿ ಹಿಡಿಯುವುದೇನು? ಆ ಪೇ ಸ್ಲಿಪ್‌ನಲ್ಲಿ ಬರೆದ ತೆರಿಗೆಯನ್ನು ಕೇಳಿಕೊಳ್ಳಬೇಡಿ. ಆದರೆ ಸಂಬಳದ ಕಡೆ ಕಾಯ್ದೆ ಕಠಿಣವಾಗಿದೆ. 15ನೇ ಸೆಕ್ಷನ್ ಪ್ರಕಾರ ಬರಬೇಕಾದ ಸಂಬಳ ಕೈಗೆ ಬರಲಿ ಬಿಡಲಿ, ಬರಬೇಕಾದ ವರ್ಷದ ಆದಾಯವೇ. ಸಿಗದ ಸಂಬಳಕ್ಕೂ ತೆರಿಗೆ ಎಂದರೆ ಕೆಲಸ ಕಳೆದುಕೊಂಡವರಿಗೆ ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ, ಆದರೆ ಕಾನೂನು ಇರುವುದು ಹೀಗೆ. ಒಮ್ಮೆ ತೆರಿಗೆಗೆ ಸೇರಿಸಿದ ಈ ಸಂಬಳ ಮುಂದೆ ಯಾವತ್ತಾದರೂ ಕೈಗೆ ಬಂದರೆ ಮತ್ತೆ ತೆರಿಗೆ ಬೀಳುವುದಿಲ್ಲ. ದೊಡ್ಡ ಮೊತ್ತ ಬಾಕಿ ಇದ್ದವರು ಈ ಒಂದು ವಿಷಯಕ್ಕಾದರೂ ಆಡಿಟರ್ ಹತ್ತಿರ ಹೋಗುವುದು ಒಳ್ಳೆಯದು.

ಫಾರ್ಮ್ ತುಂಬುವ ಕೆಲಸ ಇಷ್ಟರ ನಂತರ ಸಣ್ಣದು. ಸಂಬಳ, ಒಂದು ಮನೆ, ಬ್ಯಾಂಕ್ ಬಡ್ಡಿ ಬಿಟ್ಟು ಬೇರೇನೂ ಇಲ್ಲದೆ ಒಟ್ಟು ಆದಾಯ 50 ಲಕ್ಷ ಮೀರದವರಿಗೆ ಸಾಮಾನ್ಯವಾಗಿ ಐಟಿಆರ್-1 ಸಾಕು. ಸಂಬಳದ ಜಾಗದಲ್ಲಿ ಎರಡೂ ಕಂಪನಿಗಳ ಮೊತ್ತ ಸೇರಿಸಿ 14,25,000. ಟಿಡಿಎಸ್ ಪಟ್ಟಿಯಲ್ಲಿ ಹಳೆಯ ಕಂಪನಿಯ ಟ್ಯಾನ್, ಹೆಸರು, ಸಂಬಳ 9,45,000, ತೆರಿಗೆ 67,795. ಬಾಕಿ 18,005ಕ್ಕೆ ಮುಂಗಡ ತೆರಿಗೆ ಕಟ್ಟದ ಬಡ್ಡಿಯನ್ನು ಪೋರ್ಟಲ್ ತಾನೇ ಸೇರಿಸುತ್ತದೆ. ಜುಲೈನಲ್ಲಿ ಸಲ್ಲಿಸಿದರೆ ಅದು ಸುಮಾರು 1,600 ರೂಪಾಯಿ. ಹಣ ಕಟ್ಟಿ, ರಿಟರ್ನ್ ಸಲ್ಲಿಸಿ, ಮೂವತ್ತು ದಿನದೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸಬೇಕು. ದೃಢೀಕರಿಸದ ರಿಟರ್ನ್ ಸಲ್ಲಿಸಿದಂತಲ್ಲ.

ಮನೆ ಬಾಡಿಗೆ, ಎಲ್‌ಐಸಿ ಇತ್ಯಾದಿ ತೋರಿಸಿ ಹಳೆಯ ತೆರಿಗೆ ಪದ್ಧತಿಯಲ್ಲಿ ಲಾಭ ಕಾಣುವವರಿಗೆ ಒಂದು ಮಾತು. ಕಂಪನಿ ಆ ವಿನಾಯಿತಿ ಕೊಡದಿದ್ದರೂ ರಿಟರ್ನ್‌ನಲ್ಲಿ ನೀವೇ ಕೇಳಬಹುದು. ಪೇ ಸ್ಲಿಪ್‌ನ ಬಾಡಿಗೆ ಭತ್ಯೆ, ಬಾಡಿಗೆ ರಸೀದಿ ಬೇಕು, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಕೂಡ ಬೇಕು. ಆದರೆ ಹಳೆಯ ಪದ್ಧತಿ ಆರಿಸುವ ಅವಕಾಶ ಗಡುವಿನೊಳಗೆ ಸಲ್ಲಿಸಿದವರಿಗೆ ಮಾತ್ರ. ಫಾರ್ಮ್ 16 ಬರಲಿ ಎಂದು ಕಾದು ಗಡುವು ದಾಟಿಸಿದರೆ ಆ ಬಾಗಿಲು ಆ ವರ್ಷಕ್ಕೆ ಮುಚ್ಚುತ್ತದೆ.

ಕಂಪನಿಯಲ್ಲಿ ಸಂಬಳ ತಡವಾಗಲು ಶುರುವಾದ ತಿಂಗಳೇ ಒಂದು ಕೆಲಸ ಮಾಡಿ. ಪೇ ಸ್ಲಿಪ್‌ಗಳು ಇರುವುದು ಕಂಪನಿ ಬಾಡಿಗೆ ಕಟ್ಟಿ ಇಟ್ಟುಕೊಂಡ ಪೇರೋಲ್ ಆ್ಯಪ್‌ನಲ್ಲಿ, ಕಂಪನಿಯ ಮೇಲ್‌ನಲ್ಲಿ. ಬಾಡಿಗೆ ನಿಂತ ದಿನ ಎರಡೂ ತೆರೆಯುವುದಿಲ್ಲ. 26ಎಎಸ್ ಪೋರ್ಟಲ್‌ನಲ್ಲಿ ಮುಂದೆಯೂ ಸಿಗುತ್ತದೆ, ಪೇ ಸ್ಲಿಪ್ ಸಿಗುವುದಿಲ್ಲ. ಏಪ್ರಿಲ್‌ನಿಂದ ಇಲ್ಲಿಯವರೆಗಿನ ಎಲ್ಲ ಪೇ ಸ್ಲಿಪ್‌ಗಳನ್ನೂ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಮೇಲ್‌ಗೆ ಇಂದೇ ಕಳಿಸಿಕೊಳ್ಳಿ.